ಅನ್ನ ಉಣ್ಣುವವರ ಮನೆಗೆ ಅಕ್ಕಿಯ ಪ್ರೋಟೀನ್ ಪುಡಿ: ಡಬ್ಬಿಯ ಸೀಲು ಒಡೆಯುವ ಮೊದಲು ಮಾಡಬೇಕಾದ ಲೆಕ್ಕ

ಉಡುಪಿಯ ಕಡಿಯಾಳಿಯಲ್ಲಿರುವ ನನ್ನ ದೊಡ್ಡಕ್ಕನಿಗೆ 62 ವರ್ಷ, ತೂಕ 56 ಕಿಲೋ. ಕಳೆದ ವರ್ಷ ಮಂಡಿಯ ಕೀಲು ಬದಲಿಸುವ ಶಸ್ತ್ರಚಿಕಿತ್ಸೆ ಆಯಿತು. ಮನೆಗೆ ಬಂದ ಮೂರನೆಯ ವಾರ ಬೆಂಗಳೂರಿನಲ್ಲಿರುವ ಮಗಳು ಕೊರಿಯರ್‌ನಲ್ಲಿ ಒಂದು ಕಿಲೋದ ಡಬ್ಬಿ ಕಳಿಸಿದಳು. ಸಸ್ಯಜನ್ಯ ಪ್ರೋಟೀನ್, ಸಾವಯವ, ಚಾಕೊಲೇಟ್ ರುಚಿ, ದಿನಕ್ಕೆ ಎರಡು ಚಮಚ. ಅಕ್ಕ ಅದನ್ನು ದೇವರ ಕೋಣೆಯ ಪಕ್ಕದ ಕಪಾಟಿನಲ್ಲಿಟ್ಟು ನನಗೆ ಫೋನ್ ಮಾಡಿದಳು: "ನೀನು ಇಂಥದ್ದನ್ನೆಲ್ಲ ಪರೀಕ್ಷೆ ಮಾಡುತ್ತಿದ್ದವನಲ್ಲವಾ, ಒಮ್ಮೆ ಬಂದು ನೋಡು. ಮಗಳು ಪ್ರೀತಿಯಿಂದ ಕಳಿಸಿದ್ದು, ಬೇಡ ಎನ್ನಲಿಕ್ಕೂ ಆಗುವುದಿಲ್ಲ."

ಆಹಾರ ಪರೀಕ್ಷೆಯ ಪ್ರಯೋಗಾಲಯವೊಂದರಲ್ಲಿ ನಾನು ಹದಿನಾಲ್ಕು ವರ್ಷ ಕೆಲಸ ಮಾಡಿದ್ದೇನೆ. ಆ ಡಬ್ಬಿಯನ್ನು ಮುಂದಿಟ್ಟುಕೊಂಡು ಅಕ್ಕನ ಊಟದ ಮೇಜಿನ ಮೇಲೆ ಮಾಡಿದ ಲೆಕ್ಕವನ್ನೇ ಇಲ್ಲಿ ಹಂತ ಹಂತವಾಗಿ ಬರೆಯುತ್ತೇನೆ. ಬೇಕಾಗುವುದು ಒಂದು ಕಾಗದ, ಪೆನ್ನು ಮತ್ತು ಅಡುಗೆಮನೆಯ ತಕ್ಕಡಿ. ತಕ್ಕಡಿ ಇಲ್ಲದಿದ್ದರೆ ಪಕ್ಕದ ಮನೆಯಿಂದ ಒಂದು ದಿನಕ್ಕೆ ತನ್ನಿ. ಅಳತೆಯಿಲ್ಲದೆ ಮೊದಲ ಹಂತ ನಡೆಯುವುದಿಲ್ಲ.

ಮೊದಲ ಹಂತ: ಡಬ್ಬಿ ಬದಿಗಿರಲಿ, ಒಂದು ದಿನದ ಊಟ ಅಳೆಯಿರಿ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಶಿಫಾರಸಿನ ಪ್ರಕಾರ, ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ಬೇಕಾದ ಪ್ರೋಟೀನ್ ದೇಹತೂಕದ ಪ್ರತಿ ಕಿಲೋಗೆ 0.83 ಗ್ರಾಂ. ನಮ್ಮಂತೆ ಅನ್ನ ಮತ್ತು ಬೇಳೆಯಿಂದಲೇ ಹೆಚ್ಚಿನ ಪ್ರೋಟೀನ್ ಪಡೆಯುವವರು ಅದನ್ನು 1 ಗ್ರಾಂ ಎಂದು ಹಿಡಿಯುವುದು ಒಳ್ಳೆಯದು. ಅರವತ್ತು ದಾಟಿದವರಲ್ಲಿ, ಅದರಲ್ಲೂ ಶಸ್ತ್ರಚಿಕಿತ್ಸೆಯಿಂದ ಚೇತರಿಸಿಕೊಳ್ಳುತ್ತಿರುವವರಲ್ಲಿ, ಸ್ನಾಯು ಬೇಗ ಕರಗುತ್ತದೆ. ಹಾಗಾಗಿ ವೈದ್ಯರು 1ರಿಂದ 1.2 ಗ್ರಾಂವರೆಗೆ ಹೇಳುತ್ತಾರೆ. ಅಕ್ಕನ ತೂಕಕ್ಕೆ ಅದು ದಿನಕ್ಕೆ 56ರಿಂದ 67 ಗ್ರಾಂ.

ಇನ್ನು ಅವಳು ಉಣ್ಣುತ್ತಿದ್ದುದು ಎಷ್ಟು? ಒಂದು ಇಡೀ ದಿನ ಅಡುಗೆಗೆ ಹಾಕುವ ಮೊದಲೇ ಅಕ್ಕಿ, ಬೇಳೆಗಳನ್ನು ತೂಗಿ ಅವಳ ಪಾಲನ್ನು ಬರೆದಿಟ್ಟೆವು. ಬೆಂದ ಅನ್ನವನ್ನು ತೂಗಬೇಡಿ. ಕುಚ್ಚಲಕ್ಕಿ ಕುಡಿಯುವ ನೀರಿನ ಲೆಕ್ಕ ಯಾರಿಗೂ ಹತ್ತುವುದಿಲ್ಲ.

ಬೆಳಿಗ್ಗೆ ನಾಲ್ಕು ನೀರುದೋಸೆಗೆ 75 ಗ್ರಾಂ ಅಕ್ಕಿ, ಜೊತೆಗೆ ಕಾಯಿಚಟ್ನಿ: ಸುಮಾರು 7 ಗ್ರಾಂ ಪ್ರೋಟೀನ್. ಮಧ್ಯಾಹ್ನ 90 ಗ್ರಾಂ ಕುಚ್ಚಲಕ್ಕಿಯ ಅನ್ನದಿಂದ 7, ಸಾರಿಗೆ ಬಿದ್ದ 20 ಗ್ರಾಂ ತೊಗರಿಬೇಳೆಯಿಂದ 4, ಪಲ್ಯದಿಂದ 2, ಒಂದು ಸಣ್ಣ ಬಟ್ಟಲು ಮೊಸರಿನಿಂದ 3. ಸಂಜೆ ಒಂದು ಹಿಡಿ ಅವಲಕ್ಕಿಯಿಂದ 2. ದಿನವಿಡೀ ಕಾಫಿಗೆ ಸೇರಿದ 200 ಮಿಲಿಲೀಟರ್ ಹಾಲಿನಿಂದ 6. ರಾತ್ರಿ 60 ಗ್ರಾಂ ಅಕ್ಕಿಯ ಗಂಜಿಯಿಂದ 5, ಅದರ ಜೊತೆಯ ಪಲ್ಯದಿಂದ 1. ಒಟ್ಟು 37 ಗ್ರಾಂ.

ಅಂದರೆ ಕೊರತೆ ನಿಜವಾಗಿಯೂ ಇತ್ತು, ಕಡಿಮೆಯೆಂದರೂ 19 ಗ್ರಾಂ. ಮಗಳ ಆತಂಕ ಸುಳ್ಳಲ್ಲ. ಆದರೆ ಆ ಪಟ್ಟಿಯನ್ನು ಇನ್ನೊಮ್ಮೆ ನೋಡಿ: 37ರಲ್ಲಿ ಅರ್ಧಕ್ಕಿಂತ ಹೆಚ್ಚು ಅಕ್ಕಿಯಿಂದಲೇ ಬಂದದ್ದು. ದೋಸೆ ಅಕ್ಕಿ, ಅನ್ನ ಅಕ್ಕಿ, ಅವಲಕ್ಕಿ ಅಕ್ಕಿ, ಗಂಜಿ ಅಕ್ಕಿ. ಕರಾವಳಿಯ ಸಸ್ಯಾಹಾರಿ ಮನೆಗಳಲ್ಲಿ, ಅದರಲ್ಲೂ ಹಸಿವು ಕಡಿಮೆಯಾದ ಹಿರಿಯರಲ್ಲಿ, ಇದು ತೀರಾ ಸಾಮಾನ್ಯ. ಮೀನು ತಿನ್ನುವ ಮನೆಗಳಲ್ಲಿ ಕತೆ ಬೇರೆ. ಎರಡು ಬಂಗುಡೆ ತಟ್ಟೆಗೆ ಬಿದ್ದರೆ ಈ ಲೇಖನದ ಅರ್ಧಭಾಗವೇ ಬೇಡವಾಗುತ್ತದೆ.

ಈ ಹಂತದಲ್ಲೇ ಮಾಡಬೇಕಾದ ಇನ್ನೊಂದು ಕೆಲಸವಿದೆ. ರಕ್ತದ ಕ್ರಿಯಾಟಿನಿನ್ ವರದಿಯನ್ನು ಹುಡುಕಿ ತೆಗೆಯಿರಿ. ಮೂತ್ರಪಿಂಡ ದುರ್ಬಲವಾಗಿರುವವರು ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು, ಅದು ಪುಡಿಯಿಂದಾಗಲಿ ಬೇಳೆಯಿಂದಾಗಲಿ. ಬಹಳ ವರ್ಷಗಳ ಸಕ್ಕರೆ ಕಾಯಿಲೆ ಇದ್ದವರು ಇದನ್ನು ತಪ್ಪಿಸುವಂತೆಯೇ ಇಲ್ಲ. ಅಕ್ಕನದು ಸರಿಯಿತ್ತು.

ಎರಡನೆಯ ಹಂತ: ಯಾವ ಧಾನ್ಯದ ಪುಡಿ?

ಡಬ್ಬಿಯ ಮುಂಭಾಗದಲ್ಲಿ ಹಸಿರು ಎಲೆಯ ಚಿತ್ರವಿತ್ತು. ಹಿಂಬದಿ ತಿರುಗಿಸಿದರೆ ಪದಾರ್ಥಗಳ ಪಟ್ಟಿ. ಹೆಚ್ಚು ತೂಕದ್ದು ಮೊದಲು ಬರಬೇಕೆಂಬುದು ನಿಯಮ. ಮೊದಲ ಹೆಸರು ಮೊಳಕೆ ಬರಿಸಿದ ಕಂದು ಅಕ್ಕಿಯ ಪ್ರೋಟೀನ್, ಎರಡನೆಯದು ಬಟಾಣಿ ಪ್ರೋಟೀನ್, ಮೂರನೆಯದು ಕೊಕೊ ಪುಡಿ.

ದಿನಕ್ಕೆ ನಾಲ್ಕು ಸಲ ಅಕ್ಕಿ ತಿನ್ನುವವಳಿಗೆ ಅಕ್ಕಿಯ ಪುಡಿ! ಇದು ತಮಾಷೆಯ ಮಾತಲ್ಲ. ಎರಡು ಕಾರಣಗಳಿಂದ ಇದು ಅವಳಿಗೆ ಒಪ್ಪದ ಆಯ್ಕೆ.

ಒಂದು, ಪ್ರೋಟೀನಿನ ಗುಣ. ಪ್ರೋಟೀನ್ ಎಂಬುದು ಅಮೈನೋ ಆಮ್ಲಗಳ ಸರ. ಅಕ್ಕಿಯ ಸರದಲ್ಲಿ ಲೈಸಿನ್ ಎಂಬ ಮಣಿ ಕಡಿಮೆ. ಬೇಳೆಕಾಳಿನಲ್ಲಿ ಲೈಸಿನ್ ಧಾರಾಳ, ಮೆಥಿಯೋನಿನ್ ಕಡಿಮೆ. ಅನ್ನಕ್ಕೆ ತೊವ್ವೆ, ದೋಸೆಗೆ ಉದ್ದು, ಪುಂಡಿಗೆ ಹೆಸರುಕಾಳಿನ ಗಸಿ ಎಂದು ನಮ್ಮ ಹಿರಿಯರು ಜೋಡಿಸಿದ್ದು ಈ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. ಅಕ್ಕನ ಊಟದಲ್ಲಿ ಮೊದಲೇ ಅಕ್ಕಿ ಹೆಚ್ಚು, ಬೇಳೆ ಕಡಿಮೆ. ಅವಳಿಗೆ ಬೇಕಿದ್ದುದು ಲೈಸಿನ್. ಅಕ್ಕಿಯ ಪುಡಿ ಕೊಡುವುದು ಅವಳಲ್ಲಿ ಮೊದಲೇ ಇದ್ದುದನ್ನೇ. ಈ ದೃಷ್ಟಿಯಿಂದ ಸೋಯಾ ಎಲ್ಲಕ್ಕಿಂತ ಮೇಲು, ಅದರ ಗುಣ ಹಾಲಿನ ಪ್ರೋಟೀನಿಗೆ ಹತ್ತಿರ. ಬಟಾಣಿ ಅದಕ್ಕಿಂತ ಸ್ವಲ್ಪ ಕೆಳಗೆ. ಅಕ್ಕಿಯದು ಒಂಟಿಯಾಗಿ ನಿಂತರೆ ಕೊನೆಯ ಸ್ಥಾನ.

ಎರಡು, ಲೋಹ. ಭತ್ತ ನಿಂತ ನೀರಿನಲ್ಲಿ ಬೆಳೆಯುತ್ತದೆ. ನೀರು ನಿಂತ ಗದ್ದೆಯ ಮಣ್ಣಿಗೆ ಗಾಳಿ ಸಿಗದೆ, ಅಲ್ಲಿ ಬಂಧಿಯಾಗಿದ್ದ ಆರ್ಸೆನಿಕ್ ಕರಗಿ ನೀರಿಗೆ ಬರುತ್ತದೆ. ಭತ್ತದ ಬೇರು ಸಿಲಿಕಾನ್ ಹೀರಲು ಇಟ್ಟುಕೊಂಡ ಬಾಗಿಲಿನಿಂದಲೇ ಅದನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ. ಗದ್ದೆ ಒಣಗಿಸಿದರೆ ಆರ್ಸೆನಿಕ್ ಇಳಿಯುತ್ತದೆ, ಆದರೆ ಆಗ ಕ್ಯಾಡ್ಮಿಯಂ ಏರುತ್ತದೆ. ರೈತ ಒಂದನ್ನು ತಪ್ಪಿಸಿದರೆ ಇನ್ನೊಂದು ಕಾದಿರುತ್ತದೆ. ಕಂದು ಅಕ್ಕಿಯಲ್ಲಿ ತೌಡು ಉಳಿದಿರುವುದರಿಂದ ಆರ್ಸೆನಿಕ್ ಪಾಲು ಬಿಳಿ ಅಕ್ಕಿಗಿಂತ ಹೆಚ್ಚು. ಇನ್ನು ಪುಡಿ ಮಾಡುವಾಗ ಪಿಷ್ಟವನ್ನು ಕಿಣ್ವ ಹಾಕಿ ಕರಗಿಸಿ ಪಾನಕದಂತೆ ಬೇರ್ಪಡಿಸುತ್ತಾರೆ, ಉಳಿದ ಗಷ್ಟೇ ಪ್ರೋಟೀನ್. ಲೋಹದ ಒಂದು ಪಾಲು ಪ್ರೋಟೀನಿಗೇ ಅಂಟಿಕೊಂಡು ಈ ಗಷ್ಟಿನಲ್ಲಿ ಉಳಿಯುತ್ತದೆ. ಹತ್ತು ಕಿಲೋ ಅಕ್ಕಿಯಿಂದ ಒಂದು ಕಿಲೋಗಿಂತ ಕಡಿಮೆ ಪುಡಿ ಸಿಗುವಾಗ, ಹತ್ತು ಕಿಲೋದಲ್ಲಿ ಹರಡಿದ್ದುದು ಎಷ್ಟು ಒತ್ತಟ್ಟಿಗೆ ಬಂದಿರಬಹುದೆಂದು ಊಹಿಸಿ.

ಬಟಾಣಿ ಮತ್ತು ಸೋಯಾದಲ್ಲಿ ಆರ್ಸೆನಿಕ್ ಚಿಂತೆ ಅಷ್ಟಿಲ್ಲ. ಅಲ್ಲಿ ನೋಡಬೇಕಾದದ್ದು ಸೀಸ ಮತ್ತು ಕ್ಯಾಡ್ಮಿಯಂ. ಇವು ಬೆಳೆದ ಮಣ್ಣಿನಿಂದ, ಧೂಳಿನಿಂದ ಬರುತ್ತವೆ. ಬಟಾಣಿಯ ಹಿಟ್ಟನ್ನು ಕ್ಷಾರದ ನೀರಿನಲ್ಲಿ ಕರಗಿಸಿ, ಆಮ್ಲ ಸೇರಿಸಿ ಪ್ರೋಟೀನನ್ನು ಒಡೆದ ಹಾಲಿನಂತೆ ಕೆಳಗಿಳಿಸಿ, ಮತ್ತೆ ಸೋಡಿಯಂ ಕ್ಷಾರದಿಂದ ಹದಕ್ಕೆ ತಂದು ಒಣಗಿಸುತ್ತಾರೆ. ಅದಕ್ಕೇ ಬಟಾಣಿ ಪುಡಿಯಲ್ಲಿ ಸೋಡಿಯಂ ಹೆಚ್ಚಿರುತ್ತದೆ. ರಕ್ತದೊತ್ತಡ ಇರುವವರು ಇದನ್ನು ನೆನಪಿಡಬೇಕು. ಥೈರಾಯ್ಡ್ ಮಾತ್ರೆ ನುಂಗುವವರಿಗೆ ಸೋಯಾ ಆ ಮಾತ್ರೆ ಹೀರಿಕೊಳ್ಳುವುದಕ್ಕೆ ಅಡ್ಡಬರುತ್ತದೆ, ನಡುವೆ ನಾಲ್ಕು ಗಂಟೆ ಅಂತರ ಬೇಕು. ಅಕ್ಕ ಬೆಳಿಗ್ಗೆ ಎದ್ದೊಡನೆ ನುಂಗುವುದು ಆ ಮಾತ್ರೆಯನ್ನೇ. ಅವಳು ಗಂಟೆ ನೋಡಿಕೊಂಡು ಪುಡಿ ಕುಡಿಯುವವಳಲ್ಲ ಎಂಬುದು ನನಗೆ ಗೊತ್ತಿದ್ದರಿಂದ ಸೋಯಾವನ್ನು ಅಲ್ಲೇ ಬಿಟ್ಟೆ.

ಚಾಕೊಲೇಟ್ ರುಚಿಯ ಬಗ್ಗೆಯೂ ಎರಡು ಮಾತು. ಕೊಕೊ ಬೀಜ ಬಯಲಲ್ಲಿ ಒಣಗುವಾಗ ಧೂಳಿನೊಂದಿಗೆ ಸೀಸ ಅದರ ಸಿಪ್ಪೆಗೆ ಅಂಟುತ್ತದೆ, ಕ್ಯಾಡ್ಮಿಯಂ ಮರದ ಬೇರಿನಿಂದಲೇ ಬರುತ್ತದೆ. ಅಮೆರಿಕದ ಕ್ಲೀನ್ ಲೇಬಲ್ ಪ್ರಾಜೆಕ್ಟ್ 160 ಪುಡಿಗಳನ್ನು ಪರೀಕ್ಷಿಸಿ 2025ರ ಆರಂಭದಲ್ಲಿ ಕೊಟ್ಟ ವರದಿಯಲ್ಲಿ ಚಾಕೊಲೇಟ್ ಪುಡಿಗಳಲ್ಲಿ ವೆನಿಲಾಗಿಂತ ನಾಲ್ಕು ಪಟ್ಟುವರೆಗೆ ಸೀಸ ಕಂಡಿತ್ತು. ಸಾವಯವ ಎಂದು ಬರೆದವುಗಳಲ್ಲಿ ಉಳಿದವುಗಳ ಮೂರು ಪಟ್ಟು. ಸಾವಯವ ನಿಯಮ ಕೀಟನಾಶಕ ಮತ್ತು ರಾಸಾಯನಿಕ ಗೊಬ್ಬರಕ್ಕೆ ಸಂಬಂಧಿಸಿದ್ದು. ಮಣ್ಣಿನಲ್ಲಿ ಮೊದಲೇ ಇರುವ ಸೀಸವನ್ನು ಅದು ಕೇಳುವುದೇ ಇಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ ಅಲ್ಲಿಯದೇ ಗ್ರಾಹಕ ಸಂಸ್ಥೆ ಕನ್ಸ್ಯೂಮರ್ ರಿಪೋರ್ಟ್ಸ್ 23 ಉತ್ಪನ್ನಗಳನ್ನು ನೋಡಿದಾಗ, ಸಸ್ಯಜನ್ಯ ಪುಡಿಗಳ ಸೀಸ ಹಾಲಿನಿಂದ ಮಾಡಿದವುಗಳ ಸರಾಸರಿ ಒಂಬತ್ತು ಪಟ್ಟು ಇತ್ತು. ಇವು ಅಲ್ಲಿನ ಮಾರುಕಟ್ಟೆಯ ಡಬ್ಬಿಗಳು. ಆದರೆ ಬಟಾಣಿ, ಅಕ್ಕಿ, ಕೊಕೊಗಳ ಸ್ವಭಾವ ಸಮುದ್ರ ದಾಟಿದರೆ ಬದಲಾಗುವುದಿಲ್ಲ.

ಹೀಗೆ ಅಕ್ಕನ ಡಬ್ಬಿಯಲ್ಲಿ ಅಕ್ಕಿ, ಕೊಕೊ, ಸಾವಯವ ಮೂರೂ ಒಟ್ಟಿಗೆ ಕೂತಿದ್ದವು.

ಮೂರನೆಯ ಹಂತ: ಲೇಬಲ್ಲಿನ ಅಂಕಿಗಳನ್ನು ಕೂಡಿಸಿ ನೋಡಿ

ಒಂದು ಚಮಚ 33 ಗ್ರಾಂ. ಪ್ರೋಟೀನ್ 24, ಕಾರ್ಬೋಹೈಡ್ರೇಟ್ 4, ಕೊಬ್ಬು 2.5 ಗ್ರಾಂ. ಶಕ್ತಿ 132 ಕಿಲೋ ಕ್ಯಾಲರಿ. ಸೋಡಿಯಂ 340 ಮಿಲಿಗ್ರಾಂ.

ಮೂರನ್ನೂ ಕೂಡಿಸಿದರೆ 30.5 ಗ್ರಾಂ. ಉಳಿದ 2.5 ಗ್ರಾಂ ತೇವ ಮತ್ತು ಉಪ್ಪಿನಂಶ ಎಂದರೆ ಒಪ್ಪಬಹುದು. ಮೊತ್ತ 33ಕ್ಕಿಂತ ಹೆಚ್ಚು ಬಂದರೆ ಲೇಬಲ್ ಬರೆದವನು ಸುಳ್ಳು ಹೇಳಿದ್ದಾನೆ, ಇಲ್ಲವೇ ಅವನಿಗೆ ಕೂಡಿಸಲು ಬರುವುದಿಲ್ಲ. ಎರಡರಲ್ಲಿ ಯಾವುದಾದರೂ ಆ ಡಬ್ಬಿ ನಮಗೆ ಬೇಡ. ಬಳಿಕ ಶಕ್ತಿಯ ಲೆಕ್ಕ. ಪ್ರೋಟೀನ್ ಮತ್ತು ಕಾರ್ಬೋಹೈಡ್ರೇಟ್ ಗ್ರಾಂಗೆ 4, ಕೊಬ್ಬು ಗ್ರಾಂಗೆ 9. ಇಲ್ಲಿ 96, 16 ಮತ್ತು 22.5, ಒಟ್ಟು 134.5. ಲೇಬಲ್ಲಿನ 132ಕ್ಕೆ ಹತ್ತಿರವೇ. ಈ ಪರೀಕ್ಷೆಯಲ್ಲಿ ಡಬ್ಬಿ ಪಾಸಾಯಿತು.

ಪಾಸಾದರೂ ಒಂದು ಮಾತು ತಿಳಿದಿರಬೇಕು. ಪ್ರಯೋಗಾಲಯದಲ್ಲಿ ಸಾಮಾನ್ಯವಾಗಿ ಪ್ರೋಟೀನನ್ನು ನೇರವಾಗಿ ಅಳೆಯುವುದಿಲ್ಲ. ಸಾರಜನಕ ಅಳೆದು 6.25ರಿಂದ ಗುಣಿಸುತ್ತೇವೆ. ಅಗ್ಗದ ಗ್ಲೈಸಿನ್, ಟಾರಿನ್ ಬೆರೆಸಿದರೂ ಸಾರಜನಕ ಏರುತ್ತದೆ, ಕಾಗದದ ಮೇಲೆ ಪ್ರೋಟೀನ್ ಏರುತ್ತದೆ. ಪದಾರ್ಥಗಳ ಪಟ್ಟಿಯಲ್ಲಿ ಈ ಹೆಸರುಗಳು ಬೇರೆಯಾಗಿ ಕಂಡರೆ ಅನುಮಾನಿಸಿ. ಭಾರತದಲ್ಲಿ ಮಾರುವ 36 ಪ್ರೋಟೀನ್ ಪುಡಿಗಳನ್ನು ಕೇರಳದ ವೈದ್ಯರ ತಂಡವೊಂದು ಪರೀಕ್ಷಿಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 25ರಲ್ಲಿ ಪ್ರೋಟೀನಿನ ಪ್ರಮಾಣ ಲೇಬಲ್ಲಿಗೆ ಹೊಂದಿರಲಿಲ್ಲ.

ಹಲವು ಪದಾರ್ಥಗಳನ್ನು ಒಟ್ಟುಗೂಡಿಸಿ "ವಿಶೇಷ ಮಿಶ್ರಣ, 28 ಗ್ರಾಂ" ಎಂದಷ್ಟೇ ಬರೆದಿದ್ದರೆ ಯಾವುದು ಎಷ್ಟಿದೆ ಎಂಬುದು ನಿಮಗೆಂದೂ ತಿಳಿಯುವುದಿಲ್ಲ. ನಾನು ಅಂಥದ್ದನ್ನು ಕೈಯಲ್ಲಿ ಹಿಡಿಯುವುದಿಲ್ಲ. ಎಫ್‌ಎಸ್‌ಎಸ್‌ಎಐ ಪರವಾನಗಿಯ 14 ಅಂಕಿಗಳನ್ನು foscos.fssai.gov.in ತಾಣದಲ್ಲಿ ಹಾಕಿದರೆ ಪರವಾನಗಿ ಯಾರ ಹೆಸರಿನಲ್ಲಿದೆ, ಚಾಲ್ತಿಯಲ್ಲಿದೆಯೇ ಎಂಬುದು ಕಾಣುತ್ತದೆ. ಅದು ವ್ಯಾಪಾರ ಮಾಡಲು ಅನುಮತಿ ಮಾತ್ರ. ಡಬ್ಬಿಯೊಳಗಿನ ಪುಡಿಯನ್ನು ಸರ್ಕಾರ ಪರೀಕ್ಷಿಸಿದೆ ಎಂದು ಅರ್ಥವಲ್ಲ.

ಸೋಡಿಯಂ ಕಡೆಗೂ ಒಮ್ಮೆ ಕಣ್ಣು ಹಾಯಿಸಿ. ಎರಡು ಚಮಚಕ್ಕೆ 680 ಮಿಲಿಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ ಹೇಳುವ ಮಿತಿ 2000. ಮಾವಿನ ಮಿಡಿ ಉಪ್ಪಿನಕಾಯಿ ಇಲ್ಲದೆ ಗಂಜಿ ಇಳಿಯದ ಊರಿನಲ್ಲಿ ಇದು ಸಣ್ಣ ಸಂಖ್ಯೆಯಲ್ಲ.

ನಾಲ್ಕನೆಯ ಹಂತ: ಲೋಹದ ವರದಿ ತರಿಸಿಕೊಳ್ಳಿ, ಗುಣಿಸಿ

ಸೀಸವಾಗಲಿ ಕ್ಯಾಡ್ಮಿಯಂ ಆಗಲಿ ಲೇಬಲ್ಲಿನಲ್ಲಿ ಇರುವುದಿಲ್ಲ. ಮನೆಯಲ್ಲಿ ಪರೀಕ್ಷಿಸುವ ದಾರಿಯೂ ಇಲ್ಲ. ಬಣ್ಣ, ವಾಸನೆ, ರುಚಿ ಏನನ್ನೂ ಹೇಳವು. ಕಂಪನಿಗೆ ಇಮೇಲ್ ಬರೆದು ಕೇಳಬೇಕು. ಡಬ್ಬಿಯ ತಳದಲ್ಲಿರುವ ಬ್ಯಾಚ್ ಸಂಖ್ಯೆ ಬರೆದು, "ಈ ಬ್ಯಾಚಿನ ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್, ಪಾದರಸಗಳ ಪರೀಕ್ಷಾ ವರದಿಯನ್ನು, ಅಳತೆಯ ಕನಿಷ್ಠ ಮಿತಿಯ ಸಮೇತ ಕಳಿಸಿ" ಎಂದರೆ ಸಾಕು. ಉತ್ತರ ಬಾರದಿದ್ದರೆ ಅದೂ ಒಂದು ಉತ್ತರವೇ. "ನಮ್ಮ ಎಲ್ಲ ಉತ್ಪನ್ನಗಳೂ ಸುರಕ್ಷಿತ" ಎಂಬ ಒಂದು ಸಾಲಿನ ಪತ್ರ ಬಂದರೆ ಅದನ್ನೂ ಬಾರದ ಉತ್ತರದ ಲೆಕ್ಕಕ್ಕೆ ಸೇರಿಸಿ.

ಎರಡನೆಯ ಇಮೇಲಿಗೆ ಅಕ್ಕನ ಡಬ್ಬಿಯ ವರದಿ ಬಂತು. ಮೊದಲು ನೋಡಬೇಕಾದದ್ದು ವರದಿಯ ಬ್ಯಾಚ್ ಸಂಖ್ಯೆ ನಿಮ್ಮ ಡಬ್ಬಿಯದ್ದೇ ಹೌದೇ, ಪ್ರಯೋಗಾಲಯಕ್ಕೆ ಎನ್‌ಎಬಿಎಲ್ ಮಾನ್ಯತೆ ಇದೆಯೇ ಎಂಬುದು. ತಳದಲ್ಲಿ ಸಣ್ಣ ಅಕ್ಷರದಲ್ಲಿ "ಫಲಿತಾಂಶ ಪರೀಕ್ಷಿಸಿದ ಮಾದರಿಗೆ ಮಾತ್ರ ಅನ್ವಯ" ಎಂದಿರುತ್ತದೆ. ನಾವೇ ಅದನ್ನು ಸಾವಿರಾರು ವರದಿಗಳ ಮೇಲೆ ಅಚ್ಚು ಹಾಕಿದ್ದೇವೆ. ಕಳಿಸಿದ ಮಾದರಿ ಮಾರುಕಟ್ಟೆಯ ಡಬ್ಬಿಯಿಂದ ತೆಗೆದದ್ದೋ, ಆರಿಸಿ ಕೊಟ್ಟದ್ದೋ, ಪ್ರಯೋಗಾಲಯಕ್ಕೆ ಗೊತ್ತಿರುವುದಿಲ್ಲ.

ವರದಿಯಲ್ಲಿ ಸೀಸ ಕಿಲೋಗೆ 0.12 ಮಿಲಿಗ್ರಾಂ, ಕ್ಯಾಡ್ಮಿಯಂ 0.15 ಮಿಲಿಗ್ರಾಂ. ಪಕ್ಕದ ಕಾಲಂನಲ್ಲಿ ಸೀಸದ ಮಿತಿ 2.5 ಎಂದು ಬರೆದು, ಅದರಾಚೆ "ಪಾಸ್" ಎಂದು ಮುದ್ರೆ. ಅಕ್ಕನ ಮಗಳು ಫೋನಿನಲ್ಲಿ, "ಮಾಮ, ಮಿತಿಯ ಇಪ್ಪತ್ತನೇ ಒಂದು ಭಾಗವೂ ಇಲ್ಲವಲ್ಲ" ಎಂದಳು. ಆ ಮಿತಿಯನ್ನು ಹಾಗೆ ಓದಬಾರದು. ಅದು ಕಿಲೋ ಲೆಕ್ಕದ್ದು. ನಮಗೆ ಬೇಕಾದದ್ದು ದಿನಕ್ಕೆ ಹೊಟ್ಟೆಗೆ ಎಷ್ಟು ಹೋಗುತ್ತದೆ ಎಂಬ ಲೆಕ್ಕ.

ಅದು ಸುಲಭ. ಕಿಲೋಗೆ ಒಂದು ಮಿಲಿಗ್ರಾಂ ಎಂದರೆ ಗ್ರಾಂಗೆ ಒಂದು ಮೈಕ್ರೋಗ್ರಾಂ. ಹಾಗಾಗಿ ವರದಿಯ ಸಂಖ್ಯೆಯನ್ನು ದಿನಕ್ಕೆ ತಿನ್ನುವ ಗ್ರಾಂನಿಂದ ಗುಣಿಸಿದರೆ ಮೈಕ್ರೋಗ್ರಾಂ ಸಿಗುತ್ತದೆ. ಡಬ್ಬಿ ಹೇಳಿದಂತೆ ಎರಡು ಚಮಚ, 66 ಗ್ರಾಂ. ಸೀಸ 0.12 ಗುಣಿಸು 66, ಸುಮಾರು 7.9 ಮೈಕ್ರೋಗ್ರಾಂ. ಕ್ಯಾಡ್ಮಿಯಂ 0.15 ಗುಣಿಸು 66, ಸುಮಾರು 9.9. ವರದಿ ಪಿಪಿಬಿಯಲ್ಲಿ, ಅಂದರೆ ಕಿಲೋಗೆ ಇಷ್ಟು ಮೈಕ್ರೋಗ್ರಾಂ ಎಂಬ ಲೆಕ್ಕದಲ್ಲಿದ್ದರೆ ಮೊದಲು ಸಾವಿರದಿಂದ ಭಾಗಿಸಿಕೊಳ್ಳಿ.

ಇದು ಹೆಚ್ಚೋ ಕಡಿಮೆಯೋ? ಸೀಸಕ್ಕೆ ಸುರಕ್ಷಿತ ಮಟ್ಟವೆಂಬುದೇ ಇಲ್ಲ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು. ಹೋಲಿಕೆಗೆಂದು ಎರಡು ಗೂಟ ನೆಟ್ಟುಕೊಳ್ಳಬಹುದು. ಕ್ಯಾಲಿಫೋರ್ನಿಯಾದ ಎಚ್ಚರಿಕೆಯ ಮಟ್ಟ ದಿನಕ್ಕೆ 0.5 ಮೈಕ್ರೋಗ್ರಾಂ, ಇದು ಬಹಳ ಬಿಗಿ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಮಕ್ಕಳನ್ನು ಹೆರುವ ವಯಸ್ಸಿನ ಮಹಿಳೆಯರಿಗೆ ಎಲ್ಲ ಆಹಾರ ಸೇರಿ ಇಟ್ಟ ಮಟ್ಟ 8.8. ಅಕ್ಕನ ಪುಡಿಯೊಂದೇ ಈ ಸಡಿಲ ಗೂಟದ ಹತ್ತಿರಕ್ಕೆ ತಲುಪಿತು. ಕ್ಯಾಡ್ಮಿಯಂಗೆ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಹೇಳುವುದು ವಾರಕ್ಕೆ ದೇಹತೂಕದ ಕಿಲೋಗೆ 2.5 ಮೈಕ್ರೋಗ್ರಾಂ. 56 ಕಿಲೋಗೆ ವಾರಕ್ಕೆ 140, ದಿನಕ್ಕೆ 20. ಅದರಲ್ಲಿ ಅರ್ಧ ಈ ಡಬ್ಬಿಯಿಂದಲೇ, ಉಳಿದರ್ಧದಲ್ಲಿ ಅನ್ನ, ಸೊಪ್ಪು, ಬೇಳೆ ಎಲ್ಲವೂ ಹಿಡಿಯಬೇಕು.

ಒಂದು ಚಮಚದಿಂದ ಯಾರೂ ಬೀಳುವುದಿಲ್ಲ. ಹೊಟ್ಟೆ ನೋಯುವುದಿಲ್ಲ, ತಲೆ ತಿರುಗುವುದಿಲ್ಲ. ತೊಂದರೆ ಇರುವುದೇ ಅಲ್ಲಿ. ಸೀಸ ಮೂಳೆಯಲ್ಲಿ ದಶಕಗಟ್ಟಲೆ, ಕ್ಯಾಡ್ಮಿಯಂ ಮೂತ್ರಪಿಂಡದಲ್ಲಿ ಅದೇ ರೀತಿ ಉಳಿದುಬಿಡುತ್ತದೆ. ಗರ್ಭಿಣಿಯ ಮೂಳೆ ಕರಗಿ ಮಗುವಿಗೆ ಕ್ಯಾಲ್ಸಿಯಂ ಹೋಗುವಾಗ, ಹಳೆಯ ಸೀಸವೂ ಅದರ ಜೊತೆ ಹೊರಡುತ್ತದೆ. ಮಕ್ಕಳಿಗೂ, ಬಸುರಿ ಬಾಣಂತಿಯರಿಗೂ ವೈದ್ಯರು ಹೇಳದೆ ಈ ಪುಡಿಗಳನ್ನು ಕೊಡಬೇಡಿ ಎನ್ನುವುದು ಇದೇ ಕಾರಣಕ್ಕೆ.

ಈಗ ನನ್ನದೇ ಒಂದು ತಪ್ಪು ಹೇಳಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಸಂಬಂಧಿಕರೊಬ್ಬರು ಇಂಥದ್ದೇ ವರದಿ ತೋರಿಸಿದಾಗ, ಸೀಸದ ಮುಂದೆ "ಪತ್ತೆಯಾಗಿಲ್ಲ" ಎಂದಿದ್ದುದನ್ನು ನೋಡಿ, "ಇಲ್ಲ ಎಂದಾಯಿತು, ಧೈರ್ಯವಾಗಿ ತಿನ್ನಿ" ಎಂದಿದ್ದೆ. ಕೆಳಗೆ ಅಳತೆಯ ಕನಿಷ್ಠ ಮಿತಿ ಕಿಲೋಗೆ 0.1 ಮಿಲಿಗ್ರಾಂ ಎಂದು ಬರೆದಿತ್ತು, ನಾನು ಓದಿರಲಿಲ್ಲ. ಅಂದರೆ 0.09 ಇದ್ದರೂ ಆ ಯಂತ್ರಕ್ಕೆ ಕಾಣುತ್ತಿರಲಿಲ್ಲ. 66 ಗ್ರಾಂ ತಿನ್ನುವವರಿಗೆ ಅದು ದಿನಕ್ಕೆ ಸುಮಾರು 6 ಮೈಕ್ರೋಗ್ರಾಂ! "ಪತ್ತೆಯಾಗಿಲ್ಲ" ಎಂಬುದು ಸೊನ್ನೆಯಲ್ಲ, ಜರಡಿಯ ಕಣ್ಣು ದೊಡ್ಡದಿತ್ತು ಎಂದಷ್ಟೇ. ಲೋಹವನ್ನು ಅತಿ ಸೂಕ್ಷ್ಮವಾಗಿ ಅಳೆಯುವ ಐಸಿಪಿ-ಎಂಎಸ್ ವಿಧಾನದಲ್ಲಿ ಪರೀಕ್ಷಿಸಿ ಕನಿಷ್ಠ ಮಿತಿ 0.01 ಅಥವಾ ಅದಕ್ಕಿಂತ ಕೆಳಗೆ ಇದ್ದರೆ ಮಾತ್ರ ಆ ಪದಕ್ಕೆ ಬೆಲೆ. ಮಿತಿಯನ್ನೇ ಬರೆಯದ ವರದಿಯಲ್ಲಿ ಅದಕ್ಕೆ ಅರ್ಥವೇ ಇಲ್ಲ.

ವರದಿಯ ಮೇಲೆ ನಂಬಿಕೆ ಬಾರದಿದ್ದರೆ ನೀವೇ ಪರೀಕ್ಷೆ ಮಾಡಿಸಬಹುದು. 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೇ ಕಲಂ ಖರೀದಿದಾರನಿಗೆ ಆ ಹಕ್ಕು ಕೊಟ್ಟಿದೆ. ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು, ಉತ್ಪನ್ನ ಕಾಯ್ದೆಗೆ ವಿರುದ್ಧವಾಗಿದ್ದರೆ ಶುಲ್ಕ ವಾಪಸು. ಆದರೆ ಪರೀಕ್ಷೆ ಮಾಡಿಸುವ ಉದ್ದೇಶವನ್ನು ಕೊಳ್ಳುವಾಗಲೇ ಅಂಗಡಿಯವರಿಗೆ ತಿಳಿಸಬೇಕು ಎಂಬುದನ್ನು ಹೆಚ್ಚಿನವರು ಮರೆಯುತ್ತಾರೆ. ಕೊರಿಯರ್‌ನಲ್ಲಿ ಬಂದ ಡಬ್ಬಿಗೆ ಈ ದಾರಿ ಸುಲಭವಲ್ಲ.

ಐದನೆಯ ಹಂತ: ಕೊರತೆಯನ್ನು ಮೊದಲು ಅಡುಗೆಮನೆಯಲ್ಲಿ ತುಂಬಿ

ಅಕ್ಕನಿಗೆ ಬೇಕಾದ 19 ಗ್ರಾಂ ಎಲ್ಲಿಂದ? ಬೆಳಿಗ್ಗೆ ನೀರುದೋಸೆಯನ್ನು ನಾಲ್ಕರಿಂದ ಮೂರಕ್ಕೆ ಇಳಿಸಿ, ಜೊತೆಗೆ 40 ಗ್ರಾಂ ಹೆಸರುಕಾಳಿನ ಗಸಿ ಮಾಡಿದೆವು. ಮನೆಯಲ್ಲಿ ಅದನ್ನು ಪಡೆಂಗಿ ಗಸಿ ಎನ್ನುತ್ತೇವೆ. ಕಾಳಿನಿಂದ 9 ಬಂತು, ದೋಸೆಯಿಂದ ಒಂದೂವರೆ ಹೋಯಿತು. ಮಧ್ಯಾಹ್ನ ಸಾರಿನ ಬದಲು ಗಟ್ಟಿ ತೊವ್ವೆ, ಬೇಳೆ 20ರಿಂದ 40 ಗ್ರಾಂಗೆ: ಇನ್ನೂ 4. ಸಂಜೆ ಬರೀ ಅವಲಕ್ಕಿಯ ಬದಲು ಕಡ್ಲೆ ಬಜಿಲ್, ಅದರಲ್ಲಿ 20 ಗ್ರಾಂ ಕಡಲೆ: 4. ರಾತ್ರಿ ಮಲಗುವ ಮುನ್ನ ಒಂದು ಲೋಟ ಹಾಲು: 6. ಒಟ್ಟು ಏರಿಕೆ ಇಪ್ಪತ್ತೊಂದೂವರೆ. ದಿನಕ್ಕೆ 58.5 ಗ್ರಾಂ ಆಯಿತು, ಅದೂ ಲೈಸಿನ್ ತುಂಬಿದ ಮೂಲಗಳಿಂದ.

ಹಣದ ಲೆಕ್ಕವನ್ನೂ ಮಾಡಿದೆ. ಡಬ್ಬಿಗೆ 2,700 ರೂಪಾಯಿ, ಅದರಲ್ಲಿ 30 ಚಮಚ, ಒಟ್ಟು 720 ಗ್ರಾಂ ಪ್ರೋಟೀನ್. ಗ್ರಾಂಗೆ 3 ರೂಪಾಯಿ 75 ಪೈಸೆ. ನಾವು 140 ರೂಪಾಯಿಗೆ ಕೊಂಡ ಒಂದು ಕಿಲೋ ಹೆಸರುಕಾಳಿನಲ್ಲಿ ಸುಮಾರು 225 ಗ್ರಾಂ, ಗ್ರಾಂಗೆ 62 ಪೈಸೆ.

ಬೇಳೆಯಲ್ಲೂ ಲೋಹವಿಲ್ಲವೇ ಎಂದು ಕೇಳುವವರಿದ್ದಾರೆ. ಮಣ್ಣಿನಲ್ಲಿ ಬೆಳೆದದ್ದರಲ್ಲಿ ಎಲ್ಲ ಸ್ವಲ್ಪ ಇದ್ದೇ ಇರುತ್ತದೆ. ಆದರೆ ಇಡೀ ಕಾಳಿನಲ್ಲಿ ಅದು ಒತ್ತಟ್ಟಾಗಿರುವುದಿಲ್ಲ, ನಾವು ತೊಳೆದು ನೆನೆಸಿ ನೀರು ಚೆಲ್ಲುತ್ತೇವೆ, ಒಂದೇ ಕಾಳನ್ನು ವರ್ಷವಿಡೀ ತಿನ್ನುವುದೂ ಇಲ್ಲ. ಕುಚ್ಚಲಕ್ಕಿಯನ್ನು ಧಾರಾಳ ನೀರಿನಲ್ಲಿ ಬೇಯಿಸಿ ತಿಳಿ ಬಸಿಯುವ ನಮ್ಮ ಪದ್ಧತಿಯಿಂದ ಅಕ್ಕಿಯ ಆರ್ಸೆನಿಕ್ ಗಣನೀಯವಾಗಿ ಇಳಿಯುತ್ತದೆ. ಕುಕ್ಕರಿನಲ್ಲಿ ನೀರು ಇಂಗಿಸಿದರೆ ಆ ಲಾಭ ಇಲ್ಲ.

ಆರನೆಯ ಹಂತ: ಪುಡಿ ಬೇಕೇ ಬೇಕು ಎಂದಾಗ

ಪುಡಿಗೆ ನಿಜವಾದ ಜಾಗವಿಲ್ಲವೆಂದಲ್ಲ. ಅಗಿಯಲಾಗದವರು, ಹಸಿವೇ ಇಲ್ಲದವರು, ಕಾಯಿಲೆಯಿಂದ ತೂಕ ಇಳಿಯುತ್ತಿರುವವರು ಬೇಳೆಯಿಂದ ಅಷ್ಟು ಪ್ರೋಟೀನ್ ತಿನ್ನಲಾರರು. ಮೊದಲ ವಾರಗಳಲ್ಲಿ ಅಕ್ಕನೂ ಹಾಗೆಯೇ ಇದ್ದಳು. ಗಸಿ ಬಡಿಸಿದರೆ ಎರಡು ತುತ್ತಿಗೆ ಕೈ ತೊಳೆಯುತ್ತಿದ್ದಳು. ಫಿಸಿಯೋಥೆರಪಿ ನಡೆಯುವಷ್ಟು ದಿನ 67 ಗ್ರಾಂ ಮುಟ್ಟಿದರೆ ಒಳ್ಳೆಯದೆಂದು ಅವಳ ವೈದ್ಯರೂ ಹೇಳಿದ್ದರು.

ಆಗ ಆರಿಸಿದ್ದು ಬಟಾಣಿಯೊಂದೇ ಇರುವ, ರುಚಿ ಬಣ್ಣ ಸೇರಿಸದ ಪುಡಿ. ಪದಾರ್ಥಗಳ ಪಟ್ಟಿಯಲ್ಲಿ ಒಂದೇ ಸಾಲು. ಕಂಪನಿ ಕಳಿಸಿದ ಬ್ಯಾಚ್ ವರದಿಯಲ್ಲಿ ಸೀಸ 0.04, ಕನಿಷ್ಠ ಮಿತಿ 0.01. ದಿನಕ್ಕೆ 15 ಗ್ರಾಂ ಮಾತ್ರ, ಅದರಿಂದ ಪ್ರೋಟೀನ್ 12, ಸೀಸ 0.6 ಮೈಕ್ರೋಗ್ರಾಂ. ಡಬ್ಬಿಯೊಳಗಿನ ಚಮಚವನ್ನು ನಂಬದೆ ತಕ್ಕಡಿಯಲ್ಲೇ ತೂಗಿದೆವು. ಒತ್ತಿ ತುಂಬಿದರೆ ಅದೇ ಚಮಚದಲ್ಲಿ ಹೆಚ್ಚೇ ಹಿಡಿಯುತ್ತದೆ.

ಖಾಲಿ ಹೊಟ್ಟೆಯಲ್ಲಿ ಕುಡಿಯಬೇಡಿ. ಉಪವಾಸದ ಹೊಟ್ಟೆ ಸೀಸವನ್ನು ಹೆಚ್ಚು ಹೀರುತ್ತದೆ, ಕಬ್ಬಿಣ ಮತ್ತು ಕ್ಯಾಲ್ಸಿಯಂ ಕೊರತೆ ಇದ್ದರೆ ಇನ್ನೂ ಹೆಚ್ಚು. ಅಕ್ಕ ಅದನ್ನು ಮಧ್ಯಾಹ್ನದ ಮಜ್ಜಿಗೆಗೆ ಶುಂಠಿ, ಕರಿಬೇವಿನ ಜೊತೆ ಕದಡುತ್ತಿದ್ದಳು. ಬಟಾಣಿಯ ಹಸಿ ವಾಸನೆ ಅಷ್ಟಿಷ್ಟು ಅಡಗುತ್ತಿತ್ತು, ಮಜ್ಜಿಗೆಗೆ ಉಪ್ಪು ಹಾಕುವುದನ್ನು ಬಿಡಿಸಿದೆವು. ಮೊದಲ ನಾಲ್ಕು ದಿನ ಹೊಟ್ಟೆಯುಬ್ಬರ ಬಂತು. ಅರ್ಧಕ್ಕೆ ಇಳಿಸಿ ನಿಧಾನವಾಗಿ ಏರಿಸಿದ ಮೇಲೆ ಸರಿಹೋಯಿತು. ಎರಡು ವಾರವಾದರೂ ಉಬ್ಬರ ಹೋಗದಿದ್ದರೆ ಆ ಪುಡಿ ನಿಮಗೆ ಹಿಡಿಸಲಿಲ್ಲ ಎಂದೇ ತಿಳಿಯಬೇಕು.

ಶುರು ಮಾಡಿದ ದಿನವೇ ನಿಲ್ಲಿಸುವ ದಿನವನ್ನೂ ಕ್ಯಾಲೆಂಡರಿನಲ್ಲಿ ಗುರುತಿಸಿದ್ದೆವು, ಆರು ವಾರ. ಐದನೆಯ ವಾರದ ಹೊತ್ತಿಗೆ ಅಕ್ಕ ರಥಬೀದಿಯವರೆಗೆ ನಡೆದು ಹೋಗಿ ಬರತೊಡಗಿದ್ದಳು, ಹಸಿವೂ ಮರಳಿತ್ತು. ಉಳಿದ ಪುಡಿ ಹಾಗೆಯೇ ಉಳಿಯಿತು. ಚಾಕೊಲೇಟಿನ ಡಬ್ಬಿಯ ಸೀಲು ಒಡೆದಿರಲಿಲ್ಲವಾದ್ದರಿಂದ ಮಗಳು ಅದನ್ನು ಹಿಂದಿರುಗಿಸಿದಳು, ಕೊರಿಯರ್ ಖರ್ಚು ಕಳೆದು ಹಣ ಬಂತು. ಆ ಹಣದಿಂದ ಅಕ್ಕ ಮಾಡಿದ ಮೊದಲ ಕೆಲಸ ಒಂದು ಹೊಸ ತಕ್ಕಡಿ ಕೊಂಡದ್ದು. ಪಕ್ಕದ ಮನೆಯವರದ್ದನ್ನು ಎರಡು ತಿಂಗಳಿಂದ ಹಿಂದಿರುಗಿಸಿರಲಿಲ್ಲವಂತೆ.